ಹೆಡ್‌ಮಾಸ್ಟರ್ ಸಹಿ ಹಾಕಿದ್ದಾರೆ, ಅಷ್ಟು ಸಾಕಾ?

ಕೇಳಿದವರು, ಪುಣೆ

ನಾನು ಪುಣೆಯಲ್ಲಿ ಮಾಸ್ ಕಮ್ಯುನಿಕೇಶನ್ ಓದುತ್ತಿದ್ದೇನೆ. ಮುಂಬೈನ ಒಂದು ಕನ್ನಡ ರಾತ್ರಿ ಶಾಲೆಯ ಬಗ್ಗೆ 20 ನಿಮಿಷದ ಡಾಕ್ಯುಮೆಂಟರಿ ಮಾಡಬೇಕು. ಹೆಡ್‌ಮಾಸ್ಟರು ಶೂಟಿಂಗಿಗೆ ಒಪ್ಪಿ ಪತ್ರ ಕೊಟ್ಟಿದ್ದಾರೆ. ಹುಡುಗರಲ್ಲಿ ಜಾಸ್ತಿ ಜನ ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ಕೆಲಸ ಮಾಡುವವರು. ಮಾಟುಂಗಾದ ಹೂವಿನ ಅಂಗಡಿಗಳನ್ನೂ ಶೂಟ್ ಮಾಡುವ ಯೋಚನೆ ಇದೆ. ಯಾರ್ಯಾರ ಹತ್ತಿರ ಸಹಿ ತಗೋಬೇಕು? ಮುಂದೆ ಫೆಸ್ಟಿವಲ್‌ಗೆ ಕಳಿಸುವ ಆಸೆ ಇದೆ. ಮಾಡಿ ಗೊತ್ತಿರುವವರು ಹೇಳಿ.

ಕ್ಯಾಮೆರಾಮನ್, ಥಾಣೆ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಇಪ್ಪತ್ತು ವರ್ಷದಿಂದ ಕ್ಯಾಮೆರಾ ಹಿಡಿದಿದ್ದೇನೆ. ಬೀದಿಯಲ್ಲಿ ಹೋಗುವವರ ಹತ್ತಿರ ಸಹಿ ತಗೊಳ್ಳಿ ಅಂತ ಯಾವ ಕಾನೂನೂ ಹೇಳುವುದಿಲ್ಲ. ಶಾಲೆ ಒಳಗೆ ಹೆಡ್‌ಮಾಸ್ಟರೇ ದೊಡ್ಡವರು. ಅವರ ಪತ್ರ ಇದೆ, ಮುಗಿಯಿತು. ಒಂದೇ ಒಂದು ಮಾತು: ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಟ್ರೈಪಾಡ್ ಬಿಚ್ಚಬೇಡಿ. ಅಲ್ಲಿಗೆ ರೈಲ್ವೆಯ ಅನುಮತಿಯೇ ಬೇರೆ ಬೇಕು.

ಡಾಕ್ಯುಮೆಂಟರಿ ಕೆಲಸದವಳು, ಡೊಂಬಿವಲಿ

ಅಣ್ಣ ಬೀದಿ ಬಗ್ಗೆ ಹೇಳಿದ್ದು ಸರಿ. ಶಾಲೆ ಬಗ್ಗೆ ಹೇಳಿದ್ದನ್ನು ಒಪ್ಪಲಾರೆ. ಹೆಡ್‌ಮಾಸ್ಟರ್ ಪತ್ರ ಬಾಗಿಲು ತೆರೆಯುತ್ತದೆ, ಅಷ್ಟೇ. ಆ ಕೋಣೆಯಲ್ಲಿ ಕ್ಯಾಮೆರಾ ಇಡಬಹುದು ಅಂತ ಅದರ ಅರ್ಥ. ಹುಡುಗನ ಮುಖ, ದನಿ, ಮನೆ ವಿಷಯ ಅವರು ಕೊಡುವಂಥದ್ದಲ್ಲ.

ಇದನ್ನು ನಾನು ಕಲಿತದ್ದು ಒಬ್ಬ ಹುಡುಗನಿಂದ. ಕುಂದಾಪುರ ಕಡೆಯವನು, 16 ವರ್ಷ. ಹಗಲು ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು, ಸಂಜೆ ಶಾಲೆ. ಶಾಲೆಯ ಪತ್ರ ನಮ್ಮ ಹತ್ತಿರ ಇತ್ತು. ಹೋಟೆಲ್ ಧಣಿಗಳು ಒಪ್ಪಿದ್ದರು. ಹುಡುಗನೇ ಖುಷಿಯಿಂದ ಫಾರ್ಮಿಗೆ ಸಹಿ ಹಾಕಿದ್ದ. 9 ದಿನ ಶೂಟ್ ಮಾಡಿದೆವು. ಒಂದು ಕಡೆ ಅವನು, "ಮನೆಯಲ್ಲಿ ಸಾಲ ಇದೆ, ಅದಕ್ಕೇ ಬಂದದ್ದು" ಅಂತ ಸಹಜವಾಗಿ ಹೇಳಿದ್ದ. ಅದು ಸಿನಿಮಾದ ಜೀವ ಅಂತ ನಮಗೆ ಅನ್ನಿಸಿತ್ತು.

ಸಂಘದ ಹಾಲಿನಲ್ಲಿ ತೋರಿಸಿದೆವು. ಯಾರೋ ಮೊಬೈಲಿನಲ್ಲಿ ಹಿಡಿದು ಊರಿಗೆ ಕಳಿಸಿದರು. ಮಗ ಗಲ್ಲೆಯಲ್ಲಿ ಕೂರುತ್ತಾನೆ ಅಂತ ಅಮ್ಮ ತಿಳಿದಿದ್ದರು, ಅವನು ಹಾಗೇ ಹೇಳಿದ್ದನಂತೆ. ಅಕ್ಕನ ಮದುವೆ ಮಾತು ಬೇರೆ ನಡೆಯುತ್ತಿತ್ತು. ಆ ಅಮ್ಮ ಫೋನ್ ಮಾಡಿ ಬೈಯಲಿಲ್ಲ. "ನಮ್ಮ ಮನೆ ಸಾಲ ಊರಿಗೆ ಹೇಳುವ ಮೊದಲು ನನ್ನನ್ನು ಒಂದು ಮಾತು ಕೇಳಬೇಕಿತ್ತಲ್ಲ ಅಮ್ಮಾ" ಅಂದರು. ನಾನು ಏನೂ ಹೇಳಲಾಗಲಿಲ್ಲ. 6 ನಿಮಿಷ ಕತ್ತರಿಸಿದೆವು. ಮೊದಲ ಶಾಟೂ ಹೋಯಿತು, ಕೊನೆಯದೂ ಹೋಯಿತು. ಜನರ ಫೋನುಗಳಿಗೆ ಹೋದದ್ದು ಮಾತ್ರ ವಾಪಸ್ ಬರಲಿಲ್ಲ.

ಅಂದಿನಿಂದ ನಾನು ಎರಡು ಸಲ ಒಪ್ಪಿಗೆ ತಗೊಳ್ಳುತ್ತೇನೆ. ಶೂಟಿಂಗಿಗೆ ಮೊದಲು ಒಂದು. ಅದರಲ್ಲಿ ಸಿನಿಮಾ ಯಾವುದರ ಬಗ್ಗೆ, ಎಲ್ಲೆಲ್ಲಿ ತೋರಿಸುತ್ತೇವೆ, ದುಡ್ಡು ಕೊಡುತ್ತೇವೋ ಇಲ್ಲವೋ, ಬೇಡ ಅನ್ನಿಸಿದರೆ ಯಾವ ದಿನದೊಳಗೆ ಯಾರಿಗೆ ಹೇಳಬೇಕು ಅಂತ ಇರುತ್ತದೆ. ಕಾಲೇಜು, ಫೆಸ್ಟಿವಲ್, ಯೂಟ್ಯೂಬ್ ಮೂರಕ್ಕೂ ಬೇರೆ ಬೇರೆ ಚೌಕ ಹಾಕಿ. ಕಾಲೇಜಿಗೆ ಸರಿ ಅಂದವರೆಲ್ಲ ಯೂಟ್ಯೂಬಿಗೆ ಸರಿ ಅನ್ನುವುದಿಲ್ಲ. ಎಡಿಟ್ ಒಂದು ಹಂತಕ್ಕೆ ಬಂದ ಮೇಲೆ ಅವರವರ ಭಾಗ ತೋರಿಸಿ ಎರಡನೇ ಸಹಿ. ಅದು ಒಂದೇ ಸಾಲು: "ನನ್ನ ಮಾತು ಇರುವ ಭಾಗ ನೋಡಿದೆ, ಹೀಗೇ ಇರಲಿ" ಅಥವಾ "ಇಂತಿಂಥದ್ದು ತೆಗೆಯಿರಿ". ಸಾಲದ ಮಾತು ಆ ಎರಡನೇ ಸಹಿಯಲ್ಲಿ ಸಿಕ್ಕಿಬೀಳುತ್ತಿತ್ತು.

ವಕೀಲರು, ಚೆಂಬೂರು

ಅಕ್ಕ ಹೇಳಿದ ಹುಡುಗ ತಾನೇ ಸಹಿ ಹಾಕಿದ್ದ ಅಲ್ವಾ, ಆ ಸಹಿಗೆ ಬೆಲೆ ಇಲ್ಲ. 1872ರ ಕರಾರು ಕಾಯ್ದೆ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳುವ ಹಾಗಿಲ್ಲ. ಧಣಿಗಳ ಸಹಿಗೂ ಬೆಲೆ ಇಲ್ಲ, ಅವರು ಪೋಷಕರಲ್ಲ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಯ್ದೆಯಲ್ಲೂ 18 ತುಂಬದವರೆಲ್ಲ ಮಕ್ಕಳೇ, ತಂದೆ ತಾಯಿ ಅಥವಾ ಕಾನೂನು ಪ್ರಕಾರದ ಪೋಷಕರ ಒಪ್ಪಿಗೆ ಬೇಕು. ಆ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಒಪ್ಪಿಗೆಯ ಭಾಗ ಜಾರಿಗೆ ಬರಲು 18 ತಿಂಗಳ ಕಾಲ ಕೊಟ್ಟಿದ್ದಾರೆ. ವಿದ್ಯಾರ್ಥಿಯ ಸಿನಿಮಾಕ್ಕೆ ಇದು ಎಷ್ಟು ತಾಗುತ್ತದೆ ಅನ್ನುವುದು ಕೋರ್ಟಿನಲ್ಲಿ ಇತ್ಯರ್ಥ ಆಗಬೇಕಾದ ವಿಷಯ. ನಾನಾದರೆ ಈಗಲೇ ತಾಗುತ್ತದೆ ಅಂದುಕೊಂಡು ನಡೆಯುತ್ತೇನೆ. ಹೇಗೂ ಫೆಸ್ಟಿವಲ್‌ಗಳ ಫಾರ್ಮಿನಲ್ಲಿ ಎಲ್ಲ ಒಪ್ಪಿಗೆ ಇದೆ ಅಂತ ನೀವೇ ಬರೆದುಕೊಡಬೇಕಾಗುತ್ತದೆ.

ಇನ್ನೊಂದು ವಿಷಯ. 14 ತುಂಬದ ಹುಡುಗ ಹೋಟೆಲಿನಲ್ಲಿ ದುಡಿಯುವುದು ಕಾನೂನಿಗೆ ವಿರುದ್ಧ. ಅವನನ್ನು ಗುರುತು ಸಿಗುವ ಹಾಗೆ ತೋರಿಸಿದರೆ ತೊಂದರೆಗೆ ಸಿಗುವವನು ಮೊದಲು ಅವನೇ. ಯಾವ ಸಹಿಯೂ ಅದನ್ನು ಸರಿ ಮಾಡುವುದಿಲ್ಲ.

ತರಕಾರಿ ವ್ಯಾಪಾರಿ, ವಾಸ್ಕೋ

ನನ್ನದೂ ಇದೇ ಕಥೆ, ದಾರಿ ಹೇಳಿ. ನಾವು ವಿಜಯಪುರ ಕಡೆಯವರು. ಶುಕ್ರವಾರ ಮಾಪುಸಾ ಬಜಾರಿಗೆ ತರಕಾರಿ ಒಯ್ಯುತ್ತೇವೆ. ಒಬ್ಬ ಹುಡುಗ ಬಂದು ನನ್ನ ಹೆಂಡತಿ ಗಿರಾಕಿ ಜೊತೆ ಚೌಕಾಸಿ ಮಾಡುವುದನ್ನು ಹಿಡಿದುಕೊಂಡು ಹೋದ. ಕೇಳಲೂ ಇಲ್ಲ, ಹೇಳಲೂ ಇಲ್ಲ. ಮೇಲೆ ನಗೋ ಹಾಗೆ ಏನೋ ಬರೆದು ಹಾಕಿದ್ದಾನೆ. ಈಗ ಬಂದವರೆಲ್ಲ ಆ ವಿಡಿಯೋದವರು ನೀವೇನಾ ಅಂತಾರೆ. ಎರಡು ವಾರದಿಂದ ಆಕೆ ಬಜಾರಿಗೇ ಬಂದಿಲ್ಲ. ತೆಗೆಸುವುದು ಹೇಗೆ?

ಡಾಕ್ಯುಮೆಂಟರಿ ಕೆಲಸದವಳು, ಡೊಂಬಿವಲಿ

ಅಣ್ಣಾ, ಕೇಳಿ ಬೇಸರ ಆಯಿತು. ಯೂಟ್ಯೂಬಿನಲ್ಲಿದ್ದರೆ ಅಲ್ಲೇ ಖಾಸಗಿತನದ ದೂರು ಕೊಡುವ ಜಾಗ ಇದೆ. ವೈನಿಯವರ ಹೆಸರಿನಲ್ಲೇ ಕೊಡಿ. ವಿಡಿಯೋದ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿ ಮುಖ ಕಾಣುತ್ತದೆ ಅಂತ ಬರೆಯಿರಿ. ಹಾಕಿದವನಿಗೆ ತೆಗೆಯಲು 48 ಗಂಟೆ ಕೊಡಬಹುದು. ಆಮೇಲೆ ಅವರೇ ನೋಡಿ ತೀರ್ಮಾನ ಮಾಡುತ್ತಾರೆ. ತೆಗೆದೇ ತೆಗೆಯುತ್ತಾರೆ ಅಂತ ಇಲ್ಲ, ಆದರೂ ಕೊಡಿ. ಮೊದಲು ಪುಟದ ಸ್ಕ್ರೀನ್‌ಶಾಟ್, ಲಿಂಕ್ ಎರಡನ್ನೂ ಇಟ್ಟುಕೊಳ್ಳಿ.

ಪುಣೆಯ ತಮ್ಮಾ, ನಿನ್ನ ಹೂವಿನ ಅಂಗಡಿಗೂ ಉತ್ತರ ಇದರಲ್ಲೇ ಇದೆ. ದಾರಿಯಲ್ಲಿ ಹೋಗುವ ಗುಂಪಿಗೆ ಫಾರ್ಮ್ ಬೇಡ. ಯಾರ ಮುಂದೆ ಕ್ಯಾಮೆರಾ ನಿಲ್ಲುತ್ತದೋ, ಯಾರ ಮಾತು ಕೇಳುತ್ತದೋ, ಅವರನ್ನು ಕೇಳಲೇಬೇಕು. ಹಾರ ಕಟ್ಟುವವರ ಕೈ ಒದ್ದೆ ಇರುತ್ತದೆ, ಮಡಿಲಲ್ಲಿ ನಾರು, ಎದುರಿಗೆ ಗಿರಾಕಿ. ಆಗ ಕಾಗದ ಚಾಚಬಾರದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೋಗಿ ಹೇಳಿ, ಕ್ಯಾಮೆರಾದಲ್ಲೇ ಹೆಸರು, ತಾರೀಖು, "ಹೌದು, ತೋರಿಸಬಹುದು" ಅಂತ ಅವರ ಮಾತಿನಲ್ಲೇ ಹಿಡಿದುಕೊಳ್ಳಿ.

ನಿವೃತ್ತ ಟೀಚರ್, ವಡಾಲಾ

ನಾನು ರಾತ್ರಿ ಶಾಲೆಯಲ್ಲಿ ಪಾಠ ಮಾಡಿದವಳು. ಮಗೂ, ಮೊದಲು ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಲು ಕೇಳು. ರಾತ್ರಿ ಶಾಲೆಯಲ್ಲಿ 18 ದಾಟಿದವರೂ ಇರುತ್ತಾರೆ. ಅವರ ಸಹಿ ಅವರದೇ. ಉಳಿದವರಿಗೆ ಮಾತ್ರ ಊರಿಗೆ ಫೋನ್.

ಆ ಫೋನ್ ಭಾನುವಾರ ಮಾಡು. ಫಾರ್ಮನ್ನು ಕನ್ನಡದಲ್ಲೇ ಬರೆದು ವಾಟ್ಸಾಪಿನಲ್ಲಿ ಕಳಿಸಿ, ಫೋನಿನಲ್ಲಿ ಓದಿ ಹೇಳು. ಅಕ್ಷರ ಬಾರದ ತಾಯಂದಿರು ಇರುತ್ತಾರೆ. ಅವರು ಹೆಬ್ಬೆಟ್ಟು ಒತ್ತಲಿ, ಅಕ್ಕಪಕ್ಕದ ಒಬ್ಬರು ಸಾಕ್ಷಿ ಹಾಕಲಿ. ನಿಜ ಹೇಳಬೇಕೆಂದರೆ ನನಗೆ ಕಾಗದಕ್ಕಿಂತ ಅವರ ಮಾತಿನ ವಿಡಿಯೋ ಮೇಲೆ ನಂಬಿಕೆ ಜಾಸ್ತಿ. ಸಹಿ ಅಂದರೆ ಬ್ಯಾಂಕು, ಸಾಲ ಅಂತ ಹೆದರುತ್ತಾರೆ.

ವಕೀಲರು, ಚೆಂಬೂರು

ಟೀಚರ್, ವಿಡಿಯೋ ಇರಲಿ, ಕಾಗದವೂ ಇರಲಿ. ವಿಡಿಯೋದಲ್ಲಿ ಎಲ್ಲೆಲ್ಲಿ ತೋರಿಸಬಹುದು ಅನ್ನುವ ವಿವರ ತಪ್ಪಿಹೋಗುತ್ತದೆ. ಆಧಾರ್ ಝೆರಾಕ್ಸ್ ಮಾತ್ರ ಕೇಳಬೇಡಿ. ಆ ಕಾಗದಗಳನ್ನು ಕಾಯುವ ಹೊಣೆ ನಿಮ್ಮ ತಲೆ ಮೇಲೆ ಬರುತ್ತದೆ. ತಾಯಿಯ ಹೆಸರು ಶಾಲೆ ರಿಜಿಸ್ಟರಿಗೆ ಹೊಂದುತ್ತದಾ ಅಂತ ಕ್ಲರ್ಕ್ ಹತ್ತಿರ ಕೇಳಿ ನೋಡಿದರೆ ಸಾಕು.

ಕ್ಯಾಮೆರಾಮನ್, ಥಾಣೆ

ಪತ್ರದ ವಿಷಯದಲ್ಲಿ ನನ್ನ ಮಾತು ತಪ್ಪು, ಒಪ್ಪಿದೆ. ಒಪ್ಪದ ಹುಡುಗರ ಮುಖ ಬ್ಲರ್ ಮಾಡಿದರೆ ಆಯಿತಲ್ಲ?

ಡಾಕ್ಯುಮೆಂಟರಿ ಕೆಲಸದವಳು, ಡೊಂಬಿವಲಿ

ಅಣ್ಣಾ, ಊರಿನವರಿಗೆ ಅಂಗಿ, ದನಿ, ನಡಿಗೆ ನೋಡಿದರೆ ಸಾಕು, ಗುರುತು ಸಿಗುತ್ತದೆ. ಶೂಟಿಂಗಿನಲ್ಲೇ ಹೊರಗಿಡುವುದು ಒಳ್ಳೆಯದು. ಒಪ್ಪದವರು ಗೋಡೆ ಕಡೆಯ ಸಾಲಿನಲ್ಲಿ ಕೂರುವ ಹಾಗೆ ಟೀಚರ್ ಹತ್ತಿರ ಮೊದಲೇ ಹೇಳಿಸಿ, ಕ್ಯಾಮೆರಾವನ್ನು ಅದೇ ಸಾಲಿನಲ್ಲಿ ಇಟ್ಟು ಆಚೆ ಕಡೆ ತಿರುಗಿಸುತ್ತೇನೆ. ಕ್ಲಾಸಿನಿಂದ ಹೊರಗೆ ಕಳಿಸಬಾರದು. ಹಗಲೆಲ್ಲ ದುಡಿದು ಬಂದ ಹುಡುಗನ ಪಾಠ ನಮ್ಮಿಂದ ತಪ್ಪಬಾರದು.

ಒಪ್ಪಿದವರಿಗೆ ಒಂದೊಂದು ಫಾರ್ಮ್ ನಂಬರ್. ಶಾಟ್ ಶುರುವಿನಲ್ಲಿ ಹುಡುಗ ಆ ನಂಬರಿನ ಹಾಳೆ ಎದೆಗೆ ಹಿಡಿದು ಎರಡು ಸೆಕೆಂಡ್ ನಿಲ್ಲಲಿ. ನೋಟ್‌ಬುಕ್ಕಿನಲ್ಲಿ "ಕಾರ್ಡ್ 3, ಕ್ಲಿಪ್ 14, ಫಾರ್ಮ್ 7" ಅಂತ ಬರೆಯಿರಿ. ಆರು ತಿಂಗಳ ಮೇಲೆ ಯಾರಾದರೂ ಬೇಡ ಅಂದರೆ ಅವರ ಕ್ಲಿಪ್ ಹುಡುಕಲು ಐದು ನಿಮಿಷ ಸಾಕು.

ಮತ್ತೆ, ಹಾಜರಿ ಕೂಗುವ ಶಾಟಿನ ಬಗ್ಗೆ ಜಾಗ್ರತೆ. ಕ್ಲಾಸಿನ ಶಾಟ್ ಚೆನ್ನಾಗಿ ಬರುತ್ತದೆ ಅಂತ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಅದರಲ್ಲಿ ಒಪ್ಪದವರ ಪೂರ್ತಿ ಹೆಸರು, "ಹಾಜರ್ ಸಾರ್" ಅನ್ನುವ ದನಿ, ಎರಡೂ ದಾಖಲಾಗುತ್ತವೆ. ನಾನು ಎರಡು ಸಲ ಕೊನೇ ಘಳಿಗೆಯಲ್ಲಿ ಅದನ್ನು ಕೇಳಿ ತೆಗೆದಿದ್ದೇನೆ. ಎಡಿಟ್ ಆದ ಮೇಲೆ ಹೆಡ್‌ಫೋನ್ ಹಾಕಿ ಒಮ್ಮೆ ದನಿ ಮಾತ್ರ ಕೇಳಿ. ಇನ್ನೊಮ್ಮೆ ದನಿ ಆಫ್ ಮಾಡಿ ಬೋರ್ಡು, ನೋಟ್‌ಬುಕ್ಕಿನ ಲೇಬಲ್, ಐಡಿ ಕಾರ್ಡ್ ನೋಡಿ.

ಕೇಳಿದವರು, ಪುಣೆ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ರಿಜಿಸ್ಟರ್ ನೋಡಿಸಿದರು. 31 ಜನರಲ್ಲಿ 12 ಮಂದಿ 18 ದಾಟಿದವರು. ಉಳಿದ 19 ಮನೆಗಳಿಗೆ ಫೋನ್ ಮಾಡುತ್ತೇನೆ. ಒಂದು ಸಂದೇಹ ಉಳಿಯಿತು. ಒಬ್ಬ ಹುಡುಗನಿಗೆ ತಂದೆ ತಾಯಿ ಇಬ್ಬರೂ ಇಲ್ಲ, ಸಾಕುತ್ತಿರುವವರು ಇಲ್ಲಿನ ಸೋದರಮಾವ. ಕಾಗದದಲ್ಲಿ ಪೋಷಕರು ಅಂತ ಏನೂ ಇಲ್ಲ. ಮಾವ ಸರಿ ಅಂದರು. ಹುಡುಗ ಮಾತ್ರ ತಲೆ ತಗ್ಗಿಸಿ ಸುಮ್ನೆ ನಿಂತಿದ್ದ.

ವಕೀಲರು, ಚೆಂಬೂರು

ಮಾವನ ಸಹಿ ಕೋರ್ಟಿನಲ್ಲಿ ನಿಲ್ಲುತ್ತದೆ ಅಂತ ನಾನು ಭರವಸೆ ಕೊಡಲಾರೆ. ಸಾಕುತ್ತಿರುವುದು ಅವರೇ, ಹಾಗಾಗಿ ಅದು ಬರೀ ಕಾಗದ ಅಂತಲೂ ಅನ್ನಲಾರೆ.

ನಿವೃತ್ತ ಟೀಚರ್, ವಡಾಲಾ

ಸುಮ್ನೆ ನಿಂತ ಅಂದರೆ ಬೇಡ ಅಂತ. ಮಾವನ ಮುಂದೆ ಇಲ್ಲ ಅನ್ನಲು ಅವನಿಗೆ ಆಗಲಿಲ್ಲ. ಅವನನ್ನು ಗೋಡೆ ಕಡೆ ಕೂರಿಸು ಮಗೂ.