ಡೈರಿ ಪಾಸ್‌ಬುಕ್ ಫೋಟೋ ನೋಡಿ ಲೆಕ್ಕ ಹಾಕಿದ್ದು

"ಭಾವ, ಡೈರಿ ಪಾಸ್‌ಬುಕ್ ಫೋಟೋ ಹಾಕಿದ್ದೇನೆ. ಈ ತಿಂಗಳು ಬ್ಯಾಂಕಿಗೆ 6,779.20 ಬಂದಿದೆ. ಕಮ್ಮಿ ಬಂದ ಹಾಗಿದೆ, ಸರಿ ಇದೆಯಾ ನೋಡ್ತೀರಾ?"

ನೋಡಿದೆ ತಂಗಿ. 35 ರೂಪಾಯಿ 20 ಪೈಸೆ ಕಮ್ಮಿ ಬಂದಿದೆ. ಹೇಗೆ ಸಿಕ್ಕಿತು ಅಂತ ಹೇಳುತ್ತೇನೆ, ಮುಂದಿನ ತಿಂಗಳು ನೀನೇ ನೋಡಬಹುದು.

ಒಂದೊಂದು ಹೊತ್ತಿನ ಹಾಲಿಗೆ ಒಂದೊಂದು ಸಾಲು ಮಾಡಿ ಶೀಟಿಗೆ ಹಾಕಿದೆ. ತಾರೀಖು, ಬೆಳಗ್ಗೆಯೋ ಸಂಜೆಯೋ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಕೊನೆಗೆ ಡೈರಿಯವರು ಬರೆದ ಹಣ. ಪಕ್ಕದ ಕಾಲಂನಲ್ಲಿ ಲೀಟರನ್ನು ದರದಿಂದ ಗುಣಿಸುವ ಸೂತ್ರ ಹಾಕಿದೆ:

```
=ROUND(C2*F2,2)
```

ಇದು ಡೈರಿಯ ಹಣಕ್ಕೆ ಹೊಂದಿದರೆ ನಾವು ಫೋಟೋದಿಂದ ಓದಿದ್ದು ಸರಿ ಅಂತ. ಹೊಂದದ ಸಾಲನ್ನು ಮಾತ್ರ ಮತ್ತೆ ನೋಡಿದರೆ ಸಾಕು.

ಆದರೆ ಫ್ಯಾಟ್ ಅಂಕಿ ಈ ಗುಣಾಕಾರದಲ್ಲಿ ಬರುವುದಿಲ್ಲ, ಅದನ್ನು ಬೇರೆ ದಾರಿಯಲ್ಲಿ ನೋಡಬೇಕು. 12ನೇ ತಾರೀಖು ಬೆಳಗ್ಗೆ ಶಾಯಿ ಹರಡಿ 4.1ಓ 4.7ಓ ಗೊತ್ತಾಗಲಿಲ್ಲ. ಹಾಲು 4.6 ಲೀಟರ್, ಹಣ 161.92. ಭಾಗಿಸಿದರೆ ದರ 35.20. ಬೇರೆ ದಿನ ಫ್ಯಾಟ್ 4.1, ಎಸ್‌ಎನ್‌ಎಫ್ 8.5 ಇದ್ದಾಗಲೂ ಅದೇ ದರ ಸಿಕ್ಕಿದೆ. 12ಕ್ಕೂ ಎಸ್‌ಎನ್‌ಎಫ್ 8.5 ಇದೆ. ಹಾಗಾಗಿ ಅದು 4.1. ಎಸ್‌ಎನ್‌ಎಫ್ ನೋಡದೆ ಬರೀ ಫ್ಯಾಟ್ ಹೋಲಿಸಬೇಡ. ಫ್ಯಾಟ್ ಅಷ್ಟೇ ಇದ್ದು ಎಸ್‌ಎನ್‌ಎಫ್ ಇಳಿದರೂ ದರ ಇಳಿಯುತ್ತದೆ, ಅದು ಡೈರಿಯವರ ತಪ್ಪಲ್ಲ.

ಹೊಂದದೆ ಉಳಿದಿದ್ದು 19ರ ಸಂಜೆ ಒಂದೇ. ಹಾಲು 3.8 ಲೀಟರ್, ದರ 35.20, ಹಣ 133.76 ಆಗಬೇಕು. ಬರೆದಿದ್ದು 98.56. ವ್ಯತ್ಯಾಸ ಸರಿಯಾಗಿ ಒಂದು ಲೀಟರಿನ ದರ ನೋಡು. ಯಾರೋ 3.8ನ್ನು 2.8 ಅಂತ ಲೆಕ್ಕ ಹಾಕಿದ್ದಾರೆ. ಅಥವಾ ಹಾಲೇ 2.8 ಇದ್ದು ಪಾಸ್‌ಬುಕ್ಕಿನಲ್ಲಿ 3.8 ಅಂತ ಬಿದ್ದಿರಬಹುದು. ಅದಕ್ಕೇ ಸುಮ್ನೆ ಜಗಳಕ್ಕೆ ಹೋಗದೆ ಮಷಿನ್ ಚೀಟಿ ನೋಡು ಅಂತ ನಿನ್ನೆ ಫೋನ್ ಮಾಡಿದ್ದು. ಚೀಟಿಯಲ್ಲೂ 3.8 ಇದೆ ಅಂದೆ ಅಲ್ವಾ, ಹಾಗಾದರೆ ತಪ್ಪಿದ್ದು ಹಣದ ಕಾಲಂನಲ್ಲೇ.

ಆ ಸಾಲು ತಿದ್ದಿಕೊಂಡರೆ ತಿಂಗಳ ಒಟ್ಟು 8,214.40. ಕಡಿತದ ಪುಟದಲ್ಲಿ ಹಿಂಡಿ ಬಾಬ್ತು 1,400 ಇದೆ, ಅದು ಕಳೆದರೆ 6,814.40. ಬ್ಯಾಂಕಿಗೆ ಬಂದಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ 35.20. ನಿನಗೆ ಇಷ್ಟು ಕಮ್ಮಿ ಅನಿಸಿದ್ದು ಹೆಚ್ಚಾಗಿ ಹಿಂಡಿ ದುಡ್ಡಿನಿಂದ. ಸರ್ಕಾರದ ಪ್ರೋತ್ಸಾಹಧನ ಬೇರೆಯಾಗಿ ಖಾತೆಗೆ ಬರುತ್ತದೆ, ಈ ಲೆಕ್ಕದಲ್ಲಿ ಸೇರಿಸಬೇಡ.

ಮುಂದಿನ ಸಲ ಫೋಟೋ ಹಗಲಲ್ಲಿ ಜಗುಲಿ ಮೇಲೆ ಪುಸ್ತಕ ಬಿಡಿಸಿಟ್ಟು ನೇರ ಮೇಲಿಂದ ತೆಗೆ. ಹೊಲಿಗೆ ಹತ್ತಿರ ಪುಟ ಬಾಗಿದರೆ ಒಂದು ಸಾಲಿನ ಲೀಟರಿಗೆ ಕೆಳಗಿನ ಸಾಲಿನ ದರ ಓದಿಬಿಡುತ್ತೇವೆ. ಚೀಟಿಯ ಅಕ್ಷರ ಬಿಸಿಗೆ ಬೇಗ ಮಾಸುತ್ತದೆ, ಒಲೆ ಹತ್ತಿರದ ಗೂಟಕ್ಕೆ ಸಿಕ್ಕಿಸಬೇಡ. 19ರ ಚೀಟಿಯ ಫೋಟೋ ಈಗಲೇ ತೆಗೆದಿಡು. ನಾಳೆ ಬೆಳಗ್ಗೆ ಹಾಲು ಅಳೆಯುವ ಗಡಿಬಿಡಿ ಮುಗಿದ ಮೇಲೆ ಕಾರ್ಯದರ್ಶಿಗೆ ಚೀಟಿ, ಪಾಸ್‌ಬುಕ್ ಎರಡೂ ತೋರಿಸಿ, ಮುಂದಿನ ಬಿಲ್ಲಿಗೆ ಸೇರಿಸಿ ಅಂತ ಕೇಳು.