ಅದಿರು ಬೆಲ್ಟ್ ಲೆಕ್ಕ: ನಂಗ 881 ರೂಪಾಯಿ ಬರ್ತೈತಿ, ಕೀ ಆನ್ಸರ್‌ಗೆ ಕೂಡವಲ್ದು

ಸಂಡೂರ್_ತಯಾರಿ
ಎಲ್ಲಾರಿಗೂ ನಮಸ್ಕಾರ್ರೀ. ಒಂದು ಲೆಕ್ಕ ನಿನ್ನೆಯಿಂದ ತಲಿ ತಿನ್ನಾಕತ್ತೈತಿ. ಅದಿರು ಹೊತ್ಕೊಂಡು ಹೋಗೋ ಕನ್ವೇಯರ್ ಬೆಲ್ಟು, ಅದರ ಸ್ಪೀಡ್ ಕೊಟ್ಟಾರ, ಅದಿರಿನ ಸಾಂದ್ರತೆ ಕೊಟ್ಟಾರ, ಟನ್ನಿಗೆ ಇಷ್ಟು ಡಾಲರ್ ಅಂತ ರೇಟ್ ಕೊಟ್ಟಾರ, ತಾಸಿಗೆ ಎಷ್ಟು ರೂಪಾಯಿ ಮಾಲು ಹೋಗ್ತೈತಿ ಅಂತ ಕೇಳ್ಯಾರ. ನಂಗ 881.28 ರೂಪಾಯಿ ಬರ್ತೈತಿ, ಕೀನಾಗ ಬ್ಯಾರೇನ ಐತಿ. ಸ್ಪೀಡ್ ಕನ್ವರ್ಟ್ ಮಾಡೀನಿ, ಸಾಂದ್ರತೆ ಕನ್ವರ್ಟ್ ಮಾಡೀನಿ, ಡಾಲರ್‌ನ ರೂಪಾಯಿ ಮಾಡೀನಿ, ಮೂರು ಸಲ ತಿರಗಾ ಮಾಡಿದ್ರೂ ಅದ ಬರ್ತೈತಿ. ಕೀ ತಪ್ಪು ಪ್ರಿಂಟ್ ಆಗಿರಬೇಕು ಅನಸ್ತೈತಿ. ಐತವಾರ ಪರೀಕ್ಷೆ ಐತಿ, ಯಾರರ ಲಗೂನ ಹೇಳ್ರಿ.

ಸಿರುಗುಪ್ಪ_ಶಾರ್ಟ್‌ಕಟ್
5/18 ತಿರುಗಾ ಮುರುಗಾ ಮಾಡಿರ್ತೀರಿ ನೋಡ್ರಿ. ಸ್ಪೀಡ್ ಲೆಕ್ಕದಾಗ ಎಲ್ಲಾರೂ ಅಲ್ಲೇ ಬೀಳೋದು. ಕಿಮೀ ಇಂದ ಮೀಟರಿಗೆ ಬರಬೇಕಂದ್ರ 5/18, ಹೊಳ್ಳಿ ಹೋಗಬೇಕಂದ್ರ 18/5. ನಮ್ಮ ಟ್ಯೂಷನ್ ಹುಡುಗರಿಗೆ ನಾ ಮೊದಲು ಕಲಿಸೋದ ಇದನ್ನ.

ರಾಯಚೂರು_ಲ್ಯಾಬ್
ತಮ್ಮಾ, ಪ್ರಶ್ನೆದಾಗಿನ ಅಂಕಿ ಒಂದೂ ಬರದಿಲ್ಲಲ್ಲಪ್ಪ. ಬೆಲ್ಟ್ ಸ್ಪೀಡ್ ಎಷ್ಟು, ಯಾವ ಯೂನಿಟ್‌ನಾಗ, ಕೀ ಆನ್ಸರ್ ಎಷ್ಟು ಅದ? ಅದನ್ನೆಲ್ಲಾ ಹಾಕಿದ್ರ ನೋಡ್ಲಿಕ್ಕೆ ಬರ್ತದ.

ಸಂಡೂರ್_ತಯಾರಿ
ಬೆಲ್ಟ್ 9 km/h, ಬೆಲ್ಟ್ ಮ್ಯಾಲಿನ ಅದಿರಿನ ಅಡ್ಡಕೊಯ್ತದ ವಿಸ್ತೀರ್ಣ 0.08 m², ಸಾಂದ್ರತೆ 2.4 g/cm³, ರೇಟು ಟನ್ನಿಗೆ 60 ಡಾಲರ್, ಡಾಲರಿಗೆ 85 ರೂಪಾಯಿ ಅಂತ ಹಿಡೀರಿ ಅಂತ ಅವರ ಹೇಳ್ಯಾರ. ಕೀ 88,12,800 ರೂಪಾಯಿ. ಒಂದು ತಾಸಿಗೆ 88 ಲಕ್ಷ ಹೆಂಗ ಬರ್ತೈತ್ರಿ? ಅದಕ್ಕ ಕೀ ತಪ್ಪು ಅಂದೆ.

ಸಿರುಗುಪ್ಪ_ಶಾರ್ಟ್‌ಕಟ್
ನೋಡಿದ್ರಾ, km/h ಅಂತ ಐತಿ. ನಾ ಹೇಳಿದ್ದು ಅದ. 9 ನ 5/18 ರಿಂದ ಗುಣಿಸ್ರಿ, 2.5 ಬರಬೇಕು.

ಸಂಡೂರ್_ತಯಾರಿ
2.5 ಅ ಬಂದೈತ್ರೀ ಅಣ್ಣಾರ.

ಸಿರುಗುಪ್ಪ_ಶಾರ್ಟ್‌ಕಟ್
ಹಂಗಾದ್ರ ಕೊನಿಗೆ ತಾಸಿಗೆ ತರೂವಾಗ 3600 ಬಿಟ್ಟಿರ್ತೀರಿ. ಇಲ್ಲಾಂದ್ರ 60 ಅಷ್ಟ ಹಾಕಿರ್ತೀರಿ. ಟೈಮ್ ಭಾಗದಾಗ ತಪ್ಪು ಐತಿ, ಮತ್ತೆಲ್ಲೂ ಇಲ್ಲ.

ಗಂಗಾವತಿ_ಮಿಲ್
ನಮ್ಮದು ಅಕ್ಕಿ ವ್ಯಾಪಾರ, ಡಾಲರ್ ರೇಟ್ ನಾವು ದಿನಾ ನೋಡ್ತೀವಿ. 85 ರಿಂದ ಭಾಗಿಸಬೇಕು, ಗುಣಿಸಬಾರದು. ಕ್ವಿಂಟಲ್ಲಿಗೆ 2400 ಅಂತ ಇಟ್ಕೋರಿ, ಟನ್ನಿಗೆ 24,000, ಅದನ್ನ 85 ರಿಂದ ಭಾಗಿಸಿ 282 ಡಾಲರ್ ಚಿಲ್ಲರ ಅಂತ ಪಾರ್ಟಿಗೆ ಹೇಳ್ತೀವಿ. ಇವರು ಗುಣಿಸ್ಯಾರ, ಅದಕ್ಕ ತಪ್ಪಾಗೈತಿ.

ರಾಯಚೂರು_ಲ್ಯಾಬ್
ಗಂಗಾವತಿ ಅಣ್ಣಾರ, ನಿಮ್ಮ ಲೆಕ್ಕ ಬರೋಬ್ಬರಿ ಅದ, ಆದ್ರ ಅದರ ದಿಕ್ಕೇ ಬ್ಯಾರೆ. ನೀವು ರೂಪಾಯಿದಿಂದ ಡಾಲರಿಗೆ ಹೋಗ್ತೀರಿ, ಈ ಹುಡುಗ ಡಾಲರ್‌ದಿಂದ ರೂಪಾಯಿಗೆ ಬರಬೇಕು. 85 ಅನ್ನೋದು ಬರೇ ಅಂಕಿ ಅಲ್ಲ, ಅದು ಒಂದು ಡಾಲರಿಗೆ 85 ರೂಪಾಯಿ. ಡಾಲರ್ ಮ್ಯಾಲ ಇದ್ರ ಅದನ್ನ ಹೊಡೀಲಿಕ್ಕೆ ಕೆಳಗ ಡಾಲರ್ ಬರೋ ಹಂಗ ಇಡ್ಬೇಕು, ಆಗ ತಾನೇ ಗುಣಾಕಾರ ಆಗ್ತದ. ನಿಮ್ಮ ಲೆಕ್ಕದಾಗ ಹೊಡೀಬೇಕಾದ್ದು ರೂಪಾಯಿ, ಅದಕ್ಕ ಉಲ್ಟಾ.

ಈಗ ಮೂಲ ಪ್ರಶ್ನೆಗೆ ಬರೋಣ. ತಮ್ಮಾ, ಕೀ ಆನ್ಸರ್‌ನ ನಿನ್ನ ಆನ್ಸರ್‌ದಿಂದ ಭಾಗಿಸಿ ನೋಡು. 88,12,800 ಭಾಗಿಸು 881.28, ಬರೋಬ್ಬರಿ 10,000 ಬರ್ತದ, ಒಂದು ಪಾಯಿಂಟೂ ಆಚೀಚೆ ಇಲ್ಲ. ಸಿರುಗುಪ್ಪ ಸರ್ ಹೇಳಿದಂಗ 5/18 ಬದಲಿ 18/5 ಹಾಕಿದ್ರ 12.96 ಪಟ್ಟು ಫರಕ್ ಬರಬೇಕು, ಯಾಕಂದ್ರ ಅದು 3.6 ರ ವರ್ಗ. 5/18 ಪೂರ್ತಿ ಮರ್ತಿದ್ರ 3.6 ಪಟ್ಟು, 3600 ಬಿಟ್ಟಿದ್ರ 3600 ಪಟ್ಟು, 60 ಅಷ್ಟ ಹಾಕಿದ್ರ 60 ಪಟ್ಟು. ಟೈಮ್ ತಪ್ಪಿದ್ರ ಫರಕಿನಾಗ 6 ಇಲ್ಲಾ 36 ರ ಗುರುತು ಉಳೀತದ. ಇಲ್ಲಿ ಬರೇ ಸೊನ್ನೆ ಉಳದಾವ, ಅಂದ್ರ ತಪ್ಪು ಮೀಟರ್, ಸೆಂಟಿಮೀಟರ್, ಗ್ರಾಂ, ಕೆಜಿ ಈ ಕಡೆ ಎಲ್ಲೋ ಅದ. 10,000 ಅಂದ್ರ ನೂರು ಸಲ ನೂರು. 2.4 g/cm³ ನ kg/m³ ಮಾಡಿದಾಗ ನಿನಗ ಎಷ್ಟು ಬಂತು?

ಸಂಡೂರ್_ತಯಾರಿ
0.24 ಬಂತ್ರಿ ಅಕ್ಕಾರ. ಗ್ರಾಂನ ಕೆಜಿ ಮಾಡಾಕ 1000 ದಿಂದ ಭಾಗಿಸಿದೆ, ಸೆಂಮೀ ಕೆಳಗ ಐತಲ್ಲ, ಮೀಟರ್ ಮಾಡಾಕ 100 ರಿಂದ ಗುಣಿಸಿದೆ.

ರಾಯಚೂರು_ಲ್ಯಾಬ್
ಅಲ್ಲೇ ಅದ ನೋಡು. cm ಮ್ಯಾಲಿನ 3 ಅನ್ನೋದು ಸೆಂಟಿಮೀಟರಿಗೂ ಹತ್ತದ, 100 ಕ್ಕೂ ಹತ್ತದ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಪೆಟ್ಟಿಗೆದಾಗ ಒಂದು ಸೆಂಮೀ ಡಬ್ಬಿ ಇಟ್ಕೋತ ಹೋದ್ರ ಮೂರೂ ಕಡೆಗೂ ನೂರು ನೂರು ಬೇಕು, ಒಟ್ಟು ಹತ್ತು ಲಕ್ಷ. ನೀನು ಒಂದೇ ಕಡೆ ನೂರು ಹಾಕಿ ಉಳಿದ ಎರಡು ಬಿಟ್ಟೀದಿ, ಆ ಎರಡು ನೂರೇ ನಿನ್ನ 10,000. ಹತ್ತು ಲಕ್ಷದಿಂದ ಗುಣಿಸಿ 1000 ದಿಂದ ಭಾಗಿಸಿದ್ರ 2400 kg/m³ ಬರ್ತದ.

ಇದನ್ನ ಕೀ ಇಲ್ದೆನೂ ಹಿಡೀಬಹುದು. ಒಂದು ಘನ ಮೀಟರ್ ಗಾಳೀನೇ ಸುಮಾರು 1.2 ಕೆಜಿ ತೂಗ್ತದ. ನಿನ್ನ 0.24 ಪ್ರಕಾರ ಕಬ್ಬಿಣದ ಅದಿರು ಗಾಳಿಗಿಂತ ಹಗುರ ಆತು. ಮನಿ ಮ್ಯಾಲಿನ 1000 ಲೀಟರ್ ನೀರಿನ ಟ್ಯಾಂಕ್ ತುಂಬಿದ್ರ ಒಂದು ಘನ ಮೀಟರ್, ತೂಕ ಒಂದು ಟನ್. ನೀರಿನ ಸಾಂದ್ರತೆ 1 g/cm³ ಅಂತ ನಿನಗ ಗೊತ್ತೇ ಅದ, ಅಂದ್ರ g/cm³ ದಾಗಿನ ಅಂಕಿ ಹಂಗೇ ಟನ್ ಪರ್ ಘನ ಮೀಟರ್ ಆಗ್ತದ. 2.4 ಇದ್ದದ್ದು 2.4 ಅ. ಕೆಜಿಗೆ ಹೋಗೋದೇ ಬ್ಯಾಡ, ರೇಟು ಟನ್ನಿಗೇ ಕೊಟ್ಟಾರಲ್ಲ.

ಹಂಗೇ 5/18 ನೂ ಬೇಕಾಗಿಲ್ಲ. ಸ್ಪೀಡ್ ಕೊಟ್ಟಿದ್ದು ತಾಸಿಗೆ, ಕೇಳಿದ್ದೂ ತಾಸಿಗೆ. ಸೆಕೆಂಡಿಗೆ ಇಳಿಸಿ ಮತ್ತ 3600 ದಿಂದ ಏರಿಸೋದು ಯಾಕ? 9 ಕಿಮೀನ 9000 ಮೀಟರ್ ಮಾಡಿದ್ರ ಮುಗೀತು.

```
9000 m/h  × 0.08 m²   = 720 m³/h
720 m³/h  × 2.4 t/m³  = 1728 t/h
1728 t/h  × 60 $/t    = 1,03,680 $/h
1,03,680 $/h × 85 ₹/$ = 88,12,800 ₹/h
```

ಒಂದೊಂದು ಸಾಲಿಗೂ ಯೂನಿಟ್ ಹೊಡಕೋತ ಬಾ. ಕೊನಿಗೆ ₹/h ಅಷ್ಟ ಉಳೀಬೇಕು.

ಸಿರುಗುಪ್ಪ_ಶಾರ್ಟ್‌ಕಟ್
ಈ ಲೆಕ್ಕದಾಗ ಬ್ಯಾಡ ಇರಬಹುದು ಅಕ್ಕಾರ, ಆದ್ರ ಎಲ್ಲಾನೂ ಮೊದಲು ಮೀಟರ್, ಕೆಜಿ, ಸೆಕೆಂಡಿಗೆ ತಂದು ಆಮ್ಯಾಲೆ ಲೆಕ್ಕ ಮಾಡೋದು ಸೇಫ್. ಹುಡುಗರಿಗೆ ಒಂದ ದಾರಿ ಕಲಿಸಬೇಕು, ಪ್ರಶ್ನೆಗೊಂದು ದಾರಿ ಕಲಿಸಿದ್ರ ಪರೀಕ್ಷೆದಾಗ ಗಾಬರಿ ಆಗ್ತಾರ.

ರಾಯಚೂರು_ಲ್ಯಾಬ್
ಅವನು ಅದೇ ಮಾಡ್ಯಾನಲ್ರೀ ಸರ್, ಎಲ್ಲಾ ಮೀಟರ್ ಕೆಜಿಗೆ ತರಲಿಕ್ಕೆ ಹೋದಲ್ಲೇ ಸಾಂದ್ರತೆ ತಪ್ಪೇದ. ಕನ್ವರ್ಷನ್ ಎಷ್ಟು ಕಡಿಮಿ ಇರ್ತಾವೋ ತಪ್ಪೋ ಜಾಗನೂ ಅಷ್ಟೇ ಕಡಿಮಿ ಅಂತ ನನ್ನ ಅಭಿಪ್ರಾಯ. ನಿಮ್ಮ ದಾರಿಲೇ ಹೋದ್ರೂ ಉತ್ತರ ಬರ್ತದ, ಅದಕ್ಕ ನಂದೇನೂ ತಕರಾರಿಲ್ಲ.

ಲಿಂಗಸುಗೂರು_ಲಿನಕ್ಸ್
ಇಷ್ಟೆಲ್ಲಾ ಯಾಕ್ರೀ, `units` ಅಂತ ಪ್ರೋಗ್ರಾಂ ಅದ, ನಾ ಹಳೇ ಲ್ಯಾಪ್‌ಟಾಪ್‌ನಾಗ ಹಾಕ್ಕೊಂಡೀನಿ, ಎರಡು ಜಿಬಿ ರ‍್ಯಾಮ್‌ನಾಗೂ ಓಡ್ತದ.

```
$ units '9 km/hour * 0.08 m^2 * 2.4 g/cm^3' 'tonne/hour'
        * 1728
        / 0.0005787037
```

ಕನ್ವರ್ಷನ್ ಎಲ್ಲಾ ತಾನೇ ಮಾಡ್ಕೋತದ, ಯೂನಿಟ್ ಕೂಡಲಿಲ್ಲ ಅಂದ್ರ ಕೂಡಂಗಿಲ್ಲ ಅಂತನೂ ಹೇಳ್ತದ. tonne ಅಂತನೇ ಬರೀಬೇಕು, ton ಅಂತ ಬರದ್ರ ನನ್ನ ಸಿಸ್ಟಮ್‌ನಾಗ ಅಮೆರಿಕದ್ದು 907 ಕೆಜಿ ಟನ್ ಹಿಡಕೊಂಡು 1904 ಮ್ಯಾಲೆ ಚಿಲ್ಲರ ತೋರಸ್ತದ.

ಸಿರುಗುಪ್ಪ_ಶಾರ್ಟ್‌ಕಟ್
ಪರೀಕ್ಷೆ ಹಾಲ್‌ನಾಗ ಲ್ಯಾಪ್‌ಟಾಪ್ ಬಿಡ್ತಾರೇನ್ರಿ?

ಲಿಂಗಸುಗೂರು_ಲಿನಕ್ಸ್
ಮನಿಯಾಗ ಚೆಕ್ ಮಾಡ್ಕೊಳ್ಳಾಕ ಹೇಳಿದೆ ಸರ್. ಕೀ ನಂಬಬೇಕೋ ಬ್ಯಾಡೋ ಅಂತ ಕೇಳ್ಯಾನಲ್ಲ, ಒಂದು ಸಾಲು ಟೈಪ್ ಮಾಡಿದ್ರ ಕೀ ಸರಿ ಅಂತ ಗೊತ್ತಾಗ್ತಿತ್ತು. ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಾಗೂ ಕನ್ವರ್ಷನ್ ಬಟನ್ ಇರ್ತದ, ನನ್ನ ಹತ್ರ ಎರಡು ಅದಾವ, ಒಂದು ಸೋಲಾರ್ ಅದ, ಆದ್ರ ಅದು ಒಂದೊಂದೇ ಯೂನಿಟ್ ಮಾಡ್ತದ, ಹಿಂಗ ಸರಪಳಿ ಹಾಕಿ ಕೊಡಾಕ ಬರಂಗಿಲ್ಲ.

ತೋರಣಗಲ್ಲು_ಬೆಲ್ಟ್
ನಾ ಬೆಲ್ಟ್ ಸೆಕ್ಷನ್‌ನಾಗ ಕೆಲಸ ಮಾಡಾಂವ. ತಾಸಿಗೆ 88 ಲಕ್ಷ ಹೆಂಗ ಅಂತ ಆ ತಮ್ಮ ಕೇಳ್ಯಾನ, 1728 ಟನ್ ದೊಡ್ಡ ಬೆಲ್ಟಿಗೆ ಆಗದಂಥಾ ಮಾತೇನಲ್ಲ. ನೀ ತಗದಿದ್ದ 881 ರೂಪಾಯಿ ಅಂದ್ರ ತಾಸಿಗೆ 173 ಕೆಜಿ ಹತ್ರ, ನಾಕು ಸಿಮೆಂಟ್ ಚೀಲ ಸೈತ ಆಗಂಗಿಲ್ಲ. ಅಷ್ಟಕ್ಕ ಯಾರೂ ಬೆಲ್ಟ್ ಹಾಕಂಗಿಲ್ಲ.

ಇನ್ನೊಂದು ಹೇಳ್ತೀನಿ. ಯೂನಿಟ್ ಕೂಡಿದ ಮಾತ್ರಕ್ಕ ಉತ್ತರ ಸರಿ ಅಂತ ತಿಳೀಬ್ಯಾಡ್ರಿ. ಹೆಮಟೈಟ್ ಗಟ್ಟಿ ಕಲ್ಲಿನ ಸಾಂದ್ರತೆ 5 ರ ಮ್ಯಾಲೈತಿ. ಬೆಲ್ಟ್ ಮ್ಯಾಲೆ ಪುಡಿ, ಹೆಂಟಿ, ನಡುವ ಗಾಳಿ ಎಲ್ಲಾ ಸೇರಿರ್ತೈತಿ, ಅದಕ್ಕ 2.4 ಅಂತ ಕೊಟ್ಟಾರ. ಎರಡಕ್ಕೂ ಯೂನಿಟ್ ಒಂದ. ಯಾರರ ಪುಸ್ತಕ ನೋಡಿ 5.2 ಹಾಕಿದ್ರ ಯೂನಿಟ್ ಚೊಲೋ ಹೊಡದು ಹೋಗ್ತಾವ, ಉತ್ತರ ಮಾತ್ರ ಡಬಲ್ಲಿಗಿಂತ ಹೆಚ್ಚು ಬರ್ತೈತಿ. ಅಲ್ಲಿ ಯೂನಿಟ್ ಏನೂ ಹೇಳಂಗಿಲ್ಲ, ಮಾಲು ನೋಡಿದ ಕಣ್ಣ ಹೇಳಬೇಕು.

ಸಂಡೂರ್_ತಯಾರಿ
ಅಕ್ಕಾರ ಹೇಳಿದಂಗ ಮಾಡಿದೆ, 88,12,800 ಬಂತು. ಇದರ ಕೆಳಗ ಇನ್ನೊಂದು ಐತಿ: ಅದಿರಿನಾಗ ತೂಕದ 5% ತೇವ ಐತಿ, ರೇಟು ಒಣ ಟನ್ನಿಗೆ ಅಂತಾದ್ರ ಎಷ್ಟು? ಕೀ 83,72,160. 0.95 ದಿಂದ ಗುಣಿಸಿದ್ರ ಕೂಡತೈತಿ, ಇದು ಸರಿನಾ?

ತೋರಣಗಲ್ಲು_ಬೆಲ್ಟ್
ಹೊರಗಿನ ವ್ಯಾಪಾರದಾಗ ರೇಟು ಒಣ ಟನ್ನಿಗೆ ಹೇಳೋದು ಖರೇ. ಆದ್ರ ಆ 2.4 ಹಸಿ ಮಾಲಿಂದೋ ಒಣ ಮಾಲಿಂದೋ? ಹಸೀದಾದ್ರ 0.95 ಸರಿ. ಒಣದಾದ್ರ 1728 ಒಣ ಟನ್ನ ಆತಲ್ಲ, ಮತ್ತ ಕಳಿಯಂಗಿಲ್ಲ.

ರಾಯಚೂರು_ಲ್ಯಾಬ್
ಬೆಲ್ಟ್ ಮ್ಯಾಲ ಹ್ಯಾಂಗ ಹೊಂಟದೋ ಹಂಗೇ ಅಳದಿದ್ದು ಅಂತ ಹಿಡದಾರ ಅನಸ್ತದ, ಅದಕ್ಕ ಕೀ ಹಂಗ ಬಂದದ. ಪ್ರಶ್ನೆದಾಗ ಬರದಿಲ್ಲ, ಅದು ಪ್ರಶ್ನೆಯ ಕೊರತಿ.

ತೋರಣಗಲ್ಲು_ಬೆಲ್ಟ್
ನಾ ಒಪ್ಪಂಗಿಲ್ರೀ. ತೇವ ಹೆಚ್ಚಾದ್ರ ಪುಡಿ ಅದಿರು ಕೂಡೋ ರೀತಿನ ಬದಲಾಗ್ತೈತಿ, 0.08 ಸೈತ ಹಂಗ ಉಳಿಯಂಗಿಲ್ಲ.

ಗಂಗಾವತಿ_ಮಿಲ್
ಭತ್ತದಾಗೂ ತೇವದ್ದ ಜಗಳ. 75 ಕೆಜಿ ಚೀಲಕ್ಕ ತೇವಾಂಶ ಎಷ್ಟು ಕಳೀಬೇಕು ಅಂತ ಯಾರರ ಲೆಕ್ಕ ಹಾಕಿ ಕೊಡ್ತೀರೇನ್ರಿ? 20% ತೇವ ಇದ್ದದ್ದು 14% ಕ್ಕ ಬಂದ್ರ 6% ಅ ಕಳೀಬೇಕೋ ಇಲ್ಲೋ?

ರಾಯಚೂರು_ಲ್ಯಾಬ್
6 ಅಲ್ರೀ ಅಣ್ಣಾರ, ಅಲ್ಲೇ ಎಲ್ಲಾರೂ ಎಡವೋದು. ಒಣ ಭಾಗ ಬದಲಾಗಂಗಿಲ್ಲ. 75 ಕೆಜಿದಾಗ 20% ತೇವ ಇದ್ರ ಒಣದ್ದು 60 ಕೆಜಿ, ಆ 60 ಹೊಸ ತೂಕದ 86% ಆಗ್ಬೇಕು, ಅಂದ್ರ ಚೀಲ 69.77 ಕೆಜಿಗೆ ಇಳೀತದ. ಕಳೆದದ್ದು 5.23 ಕೆಜಿ, ಸುಮಾರು 7%. ಎರಡು ಶೇಕಡಾನೂ ಬ್ಯಾರೆ ಬ್ಯಾರೆ ತೂಕದ ಮ್ಯಾಲಿನವು, ಹಂಗೇ ಕಳೀಲಿಕ್ಕೆ ಬರಂಗಿಲ್ಲ.

ಗಂಗಾವತಿ_ಮಿಲ್
ನಮ್ಮ ಕಡೆ ಎಲ್ಲಾರೂ 6 ಅ ಕಳೀತಾರಲ್ರೀ.