ಜೆಇಇಯಲ್ಲಿ 90 ಪರ್ಸೆಂಟೈಲ್ ಅಂದರೆ ನೂರಕ್ಕೆ ತೊಂಬತ್ತು ಅಲ್ವಾ? ಅನುಭವ ಇದ್ದವರು ಹೇಳಿ

ಕೇಳಿದವರು (ಬದಿಯಡ್ಕ): ಮಗಳು ಪ್ಲಸ್ ಟೂ. ಜನವರಿಯ ಜೆಇಇ ಮೈನ್ ಬರೆದಿದ್ದಳು. ಕಾರ್ಡಿನಲ್ಲಿ ಒಟ್ಟು 90.4 ಅಂತ ಉಂಟು. ಫಿಸಿಕ್ಸ್ 86, ಕೆಮಿಸ್ಟ್ರಿ 91, ಗಣಿತ 84. ಮನೆಯಲ್ಲಿ ಎಲ್ಲರೂ ತೊಂಬತ್ತು ಮಾರ್ಕು ಅಂತ ಪಾಯಸ ಮಾಡಿ ಆಯಿತು. ಅವಳು ಮಾತ್ರ ಮುಖ ಸಣ್ಣ ಮಾಡಿಕೊಂಡಿದ್ದಾಳೆ, ಕೇಳಿದರೆ ಸರಿಯಾಗಿ ಹೇಳುವುದಿಲ್ಲ. ಇದು ಮಾರ್ಕು ಅಲ್ಲದಿದ್ದರೆ ಮತ್ತೆಂತ? ಇದರಲ್ಲಿ ಸುರತ್ಕಲ್ ಎನ್‌ಐಟಿ ಸಿಗಬಹುದಾ?

ಕುಂಬಳೆ, ಟ್ಯೂಷನ್ ಮಾಸ್ಟ್ರು: ಪಾಯಸ ದಂಡ ಏನೂ ಆಗಿಲ್ಲ, ಆದರೆ ಅದು ಮಾರ್ಕು ಅಲ್ಲ. ಮಗಳು ಎಷ್ಟು ಸರಿ ಬರೆದಳು ಅಂತ ಆ ಸಂಖ್ಯೆ ಹೇಳುವುದಿಲ್ಲ. ಅವಳ ಹಿಂದೆ ಎಷ್ಟು ಜನ ನಿಂತಿದ್ದಾರೆ ಅಂತ ಹೇಳುತ್ತದೆ. ಪರೀಕ್ಷೆ ಹಲವು ಶಿಫ್ಟಿನಲ್ಲಿ, ಬೇರೆ ಬೇರೆ ಪೇಪರಿನಲ್ಲಿ ನಡೆಯುತ್ತದೆ. ಅವಳ ಶಿಫ್ಟಿನಲ್ಲಿ 50,000 ಜನ ಬರೆದರು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. 90.4 ಅಂದರೆ ಅದರಲ್ಲಿ 45,200 ಜನರಿಗೆ ಅವಳಷ್ಟೇ ಅಥವಾ ಅವಳಿಗಿಂತ ಕಡಿಮೆ ಬಂದಿದೆ. ಅವಳನ್ನೂ ಆ ಲೆಕ್ಕದಲ್ಲೇ ಸೇರಿಸುತ್ತಾರೆ. ಉಳಿದ 4,800 ಜನ ಅವಳಿಗಿಂತ ಮುಂದೆ.

ಪೇಪರ್ ಸುಲಭ ಇದ್ದು ಹೆಚ್ಚಿನವರೂ 250ರ ಸುತ್ತ ತೆಗೆದರೆ 90 ಪರ್ಸೆಂಟೈಲಿಗೆ 270 ಬೇಕಾಗಬಹುದು. ಪೇಪರ್ ಕಷ್ಟ ಇದ್ದರೆ 80 ಮಾರ್ಕಿಗೂ ಅದು ಸಿಗಬಹುದು. ಪ್ರತಿ ಶಿಫ್ಟಿನಲ್ಲೂ ಎಲ್ಲರಿಗಿಂತ ಮುಂದೆ ಇದ್ದವರಿಗೆ 100 ಪರ್ಸೆಂಟೈಲ್ ಬರುತ್ತದೆ. ಹಾಗಂತ ಅವರಿಗೆ 300ಕ್ಕೆ 300 ಬಂದಿದೆ ಅಂತ ಅಲ್ಲ.

ನಿಜವಾದ ಮಾರ್ಕು ಬೇಕಿದ್ದರೆ ಅವಳ ರೆಸ್ಪಾನ್ಸ್ ಶೀಟ್ ಮತ್ತು ಫೈನಲ್ ಆನ್ಸರ್ ಕೀ ಪಕ್ಕಪಕ್ಕ ಇಟ್ಟು ಎಣಿಸಿ. ಸರಿಗೆ 4, ತಪ್ಪಿಗೆ ಮೈನಸ್ 1, ಬಿಟ್ಟದ್ದಕ್ಕೆ ಸೊನ್ನೆ.

ಉಪ್ಪಳ, ಅಂಗಡಿ ಇಟ್ಟವರು: ನನ್ನ ತಮ್ಮನ ಮಗ ಇದನ್ನು ಬರೆದವನೇ, ಹಾಗಾಗಿ ಸ್ವಲ್ಪ ಗೊತ್ತು. 100ರಿಂದ 90.4 ಕಳೆಯಿರಿ, 9.6. ಹೋದ ವರ್ಷ ಬರೆದವರು ಸುಮಾರು 14.75 ಲಕ್ಷ. ಅದರ 9.6 ಪರ್ಸೆಂಟ್ ಅಂದರೆ 1.4 ಲಕ್ಷದ ಸುತ್ತ ರ‍್ಯಾಂಕ್. ಇಷ್ಟು ಖಂಡಿತ.

ಆದರೆ ಕಾರ್ಡಿನಲ್ಲಿ ಎಂತದೋ ತಪ್ಪು ಉಂಟು. 86, 91, 84 ಸೇರಿಸಿ ಮೂರರಿಂದ ಭಾಗಿಸಿದರೆ 87 ಬರುತ್ತದೆ, 90.4 ಹೇಗೆ ಆಯಿತು? ಕಂಪ್ಲೇಂಟ್ ಕೊಡಿ.

ಕುಂಬಳೆ, ಟ್ಯೂಷನ್ ಮಾಸ್ಟ್ರು: ರ‍್ಯಾಂಕಿನ ಅಂದಾಜು ಹೆಚ್ಚುಕಡಿಮೆ ಸರಿ. ಹೋದ ವರ್ಷ ಅಂದರೆ 2025ರದ್ದು ತಾನೇ? ಈ ಸಲ ಎಷ್ಟು ಜನ ಅಂತ ಏಪ್ರಿಲಿನ ಎರಡನೇ ಪರೀಕ್ಷೆ ಮುಗಿಯದೆ ಹೇಳಲಿಕ್ಕಾಗುವುದಿಲ್ಲ. ರ‍್ಯಾಂಕ್ ಕೊಡುವುದೂ ಆಮೇಲೆಯೇ.

ಕಂಪ್ಲೇಂಟ್ ಮಾತ್ರ ಬೇಡ ಮಾರಾಯ್ರೆ. ಒಟ್ಟು ಪರ್ಸೆಂಟೈಲ್ ಅಂದರೆ ಮೂರು ಪರ್ಸೆಂಟೈಲಿನ ಸರಾಸರಿ ಅಲ್ಲ. ಮೊದಲು ಮೂರರ ಮಾರ್ಕು ಕೂಡಿಸುತ್ತಾರೆ, ಆಮೇಲೆ ಆ ಮೊತ್ತದಲ್ಲಿ ಸಾಲು ನಿಲ್ಲಿಸುತ್ತಾರೆ. ಗಣಿತದಲ್ಲಿ ಇವಳಿಗಿಂತ ಮುಂದೆ ನೂರರಲ್ಲಿ 16 ಜನ ಇದ್ದಾರೆ. ಅವರಲ್ಲಿ ಎಷ್ಟೋ ಜನ ಕೆಮಿಸ್ಟ್ರಿಯಲ್ಲಿ ಬಿದ್ದುಹೋಗಿರುತ್ತಾರೆ. ಕೆಮಿಸ್ಟ್ರಿ ಚೆನ್ನಾಗಿ ಬರೆದವರು ಫಿಸಿಕ್ಸ್ ಬಿಟ್ಟಿರುತ್ತಾರೆ. ಮೂರರಲ್ಲೂ ಒಂದೇ ಹದದಲ್ಲಿ ಬರೆದವಳು ಒಟ್ಟು ಸಾಲಿನಲ್ಲಿ ಮುಂದೆ ಬರುತ್ತಾಳೆ. ಮೂರರಲ್ಲಿ ಯಾವುದಕ್ಕಿಂತಲೂ ಒಟ್ಟು ಜಾಸ್ತಿ ಬಂದ ಕಾರ್ಡುಗಳನ್ನೂ ನಾನು ನೋಡಿದ್ದೇನೆ.

ಪೆರ್ಲದ ಅಜ್ಜಿ: ನನ್ನ ಮೊಮ್ಮಗನಿಗೂ ಡಾಕ್ಟ್ರು ಹೀಗೆಯೇ ಬರೆದು ಕೊಟ್ಟಿದ್ದರು, ತೂಕ 10ನೇ ಪರ್ಸೆಂಟೈಲ್ ಅಂತ. ನೂರಕ್ಕೆ ಹತ್ತಾ ಅಂತ ಸೊಸೆ ಅತ್ತದ್ದೇ ಅತ್ತದ್ದು. ಇದೂ ಅದೂ ಒಂದೆಯಾ? ಮಗು ಆಟ ಆಡಿಕೊಂಡೇ ಉಂಟು.

ನೀಲೇಶ್ವರ, ನರ್ಸ್: ಅಮ್ಮ, ಲೆಕ್ಕ ಅದೇ, ಅರ್ಥ ಬೇರೆ. ಅದೇ ವಯಸ್ಸಿನ ನೂರು ಗಂಡು ಮಕ್ಕಳನ್ನು ಕಡಿಮೆ ತೂಕದವನಿಂದ ಶುರು ಮಾಡಿ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮೊಮ್ಮಗ ಸುಮಾರು ಹತ್ತನೆಯವನು, ಅಷ್ಟೇ. ಅಲ್ಲಿ 90 ಬಂದರೆ ಜಾಣ ಅಂತ ಅಲ್ಲ, 10 ಬಂದರೆ ಫೇಲ್ ಅಂತಲೂ ಅಲ್ಲ. ಮಗು ತನ್ನ ಗೆರೆಯ ಮೇಲೆಯೇ ಬೆಳೆಯುತ್ತಾ ಹೋಗುತ್ತಿದೆಯಾ ಅಂತ ಡಾಕ್ಟ್ರು ನೋಡುತ್ತಾರೆ. ಮುಂದಿನ ಸಲ ಕಾರ್ಡು ತಕ್ಕೊಂಡು ಹೋಗಿ ಕೇಳಿ. ಗೆರೆ ಬಿಟ್ಟು ಕೆಳಗೆ ಕೆಳಗೆ ಇಳಿಯುತ್ತಿದ್ದರೆ ಆಗ ಅವರೇ ಹೇಳುತ್ತಾರೆ.

ಕೇಳಿದವರು (ಬದಿಯಡ್ಕ): ಮಗಳನ್ನು ಕೂರಿಸಿ ಎಣಿಸಿದೆವು. 75 ಪ್ರಶ್ನೆಯಲ್ಲಿ ಬರೆದದ್ದು 38. ಸರಿ 27, ತಪ್ಪು 11. 108ರಲ್ಲಿ 11 ಕಳೆದರೆ 97. 300ಕ್ಕೆ 97 ಅಂದರೆ 32 ಪರ್ಸೆಂಟ್! ಇದಕ್ಕೇ ಅವಳು ಬಾಯಿ ಬಿಟ್ಟಿರಲಿಲ್ಲ ಅಂತ ಈಗ ಗೊತ್ತಾಯಿತು. ಇನ್ನೊಂದು ವಿಷಯ. ನಮ್ಮ ಪಕ್ಕದ ಮನೆಯ ಹುಡುಗ ಬೇರೆ ದಿನ ಬರೆದವ, ಅವನಿಗೆ 104 ಬಂದಿದೆಯಂತೆ. ಕಾರ್ಡಿನಲ್ಲಿ ಮಾತ್ರ 89 ಚಿಲ್ಲರೆ. ಜಾಸ್ತಿ ಮಾರ್ಕಿಗೆ ಕಡಿಮೆ ಪರ್ಸೆಂಟೈಲಾ?

ಕುಂಬಳೆ, ಟ್ಯೂಷನ್ ಮಾಸ್ಟ್ರು: ಹೌದು, ಹಾಗೆ ಆಗುತ್ತದೆ. ಅವನ ಶಿಫ್ಟಿನ ಪೇಪರ್ ಸುಲಭ ಇದ್ದಿರಬೇಕು. ಅಲ್ಲಿ 104 ದಾಟಿದವರು ತುಂಬ ಜನ. ನಿಮ್ಮ ಮಗಳಿಗೆ ಕಷ್ಟದ ಪೇಪರ್, ಅಲ್ಲಿ 97 ದಾಟಿದವರು ಕಡಿಮೆ. ಬೇರೆ ಬೇರೆ ಪೇಪರಿನ ಮಾರ್ಕನ್ನು ನೇರವಾಗಿ ಹೋಲಿಸಿದರೆ ಅನ್ಯಾಯ ಆಗುತ್ತದೆ. ಹಾಗಾಗಿಯೇ ಪರೀಕ್ಷೆ ನಡೆಸುವ ಎನ್‌ಟಿಎ ಮಾರ್ಕು ಬಿಟ್ಟು ಪರ್ಸೆಂಟೈಲ್ ಹಿಡಿದದ್ದು. ಒಂದೇ ಕಡೆ ಸಾವಿರಾರು ಜನ ಗುಂಪಾಗಬಾರದು ಅಂತ ಏಳು ದಶಮಾಂಶದವರೆಗೆ ಲೆಕ್ಕ ಹಾಕುತ್ತಾರೆ.

ಮಂಜೇಶ್ವರ, ತಂದೆ: ಇದನ್ನು ನಾನು ಒಪ್ಪುವುದಿಲ್ಲ. ನನ್ನ ಮಗನ ಶಿಫ್ಟಿಗೆ ದೊಡ್ಡ ದೊಡ್ಡ ಕೋಚಿಂಗಿನ ಮಕ್ಕಳೇ ಜಾಸ್ತಿ ಬಂದಿದ್ದರೆ? ಆಗ ಅವ ಎಷ್ಟು ಚೆನ್ನಾಗಿ ಬರೆದರೂ ಹಿಂದೆಯೇ ಬೀಳುತ್ತಾನಲ್ಲ?

ಕುಂಬಳೆ, ಟ್ಯೂಷನ್ ಮಾಸ್ಟ್ರು: ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗುತ್ತದೆ. ಎಲ್ಲ ಶಿಫ್ಟಿಗೂ ಹೆಚ್ಚುಕಡಿಮೆ ಒಂದೇ ಥರದ ಮಕ್ಕಳು ಹಂಚಿಹೋಗಿದ್ದಾರೆ ಅಂತ ಈ ಪದ್ಧತಿ ನಂಬಿಕೊಂಡಿದೆ. ಸಾವಿರಾರು ಜನರನ್ನು ಯಾವ ಆಯ್ಕೆಯೂ ಇಲ್ಲದೆ ಹಂಚಿದಾಗ ಅದು ಹೆಚ್ಚಾಗಿ ನಿಜ ಆಗುತ್ತದೆ.

ಮಂಜೇಶ್ವರ, ತಂದೆ: ಹೆಚ್ಚಾಗಿ ಅಂದರೆ ಯಾವಾಗಲೂ ಅಂತ ಅಲ್ಲವಲ್ಲ. ನನಗೆ ಸಮಾಧಾನ ಇಲ್ಲ.

ಕಾಸರಗೋಡು ಪೇಟೆ, ಮಗ ಎನ್‌ಐಟಿಯಲ್ಲಿ: ಸುರತ್ಕಲ್ ಬಗ್ಗೆ ಯಾರೂ ಹೇಳಲಿಲ್ಲ. ನಮಗೆ ಸುರತ್ಕಲ್ ರೈಲಿನಲ್ಲಿ ಹೋಗಿ ಸಂಜೆ ಮನೆಗೆ ಬರುವಷ್ಟು ಹತ್ತಿರ. ಆದರೆ ಹೋಮ್ ಸ್ಟೇಟ್ ನೋಡುವುದು ಪ್ಲಸ್ ಟೂ ಎಲ್ಲಿ ಪಾಸಾದರು ಅಂತ. ಕೇರಳದಲ್ಲಿ ಓದಿದ್ದರೆ ನಿಮ್ಮ ಎನ್‌ಐಟಿ ಕ್ಯಾಲಿಕಟ್, ಅರ್ಧ ಸೀಟು ಅಲ್ಲಿ ಕೇರಳದವರಿಗೆ. ಸುರತ್ಕಲ್‌ನಲ್ಲಿ ನೀವು ಹೊರ ರಾಜ್ಯದವರ ಸಾಲಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ ಅಂದರೆ ಅಲ್ಲಿ ನಡೆಯುವುದಿಲ್ಲ. ಜನರಲ್ ಆಗಿದ್ದರೆ 1.4 ಲಕ್ಷದ ರ‍್ಯಾಂಕಿಗೆ ಎರಡೂ ಕಷ್ಟ, ಸುಳ್ಳು ಭರವಸೆ ಕೊಡುವುದಿಲ್ಲ.

ಐಐಟಿಗೆ ಬರೆಯುವ ಜೆಇಇ ಅಡ್ವಾನ್ಸ್ಡ್ ವಿಷಯವೂ ಹಾಗೆಯೇ. ಅದಕ್ಕೆ ಸುಮಾರು 2.5 ಲಕ್ಷ ಜನರನ್ನು ತೆಗೆದುಕೊಳ್ಳುತ್ತಾರೆ, ಹಾಗಾಗಿ ಕಟ್ ಆಫ್ ಗೆರೆ ವರ್ಷ ವರ್ಷ ಬದಲಾಗುತ್ತದೆ. ಜನರಲ್ ಗೆರೆ 2023ರಲ್ಲಿ 90.78 ಇತ್ತು, 2024ರಲ್ಲಿ 93.24, 2025ರಲ್ಲಿ 93.10. ಅಂದರೆ 90.4 ಇದ್ದರೆ 2023ರಲ್ಲಿ ಸ್ವಲ್ಪದರಲ್ಲಿ, ಆಮೇಲಿನ ಎರಡು ವರ್ಷ ಸುಮಾರು ಮೂರು ಪರ್ಸೆಂಟೈಲಿನಲ್ಲಿ ತಪ್ಪುತ್ತಿತ್ತು. ಅದೇ ಒಬಿಸಿ ನಾನ್ ಕ್ರೀಮಿಲೇಯರ್ ಆದರೆ 2025ರ ಗೆರೆ 79.43. ಆರಾಮಾಗಿ ದಾಟುತ್ತಾಳೆ. ಸರ್ಟಿಫಿಕೇಟ್ ಇದ್ದರೆ ಈಗಲೇ ಸರಿ ಮಾಡಿಸಿಡಿ.

ಪ್ಲಸ್ ಟೂ ಪರೀಕ್ಷೆಯನ್ನು ಸುಮ್ನೆ ಬಿಡಬೇಡಿ. ಎನ್‌ಐಟಿಗೆ ಬೋರ್ಡಿನಲ್ಲಿ 75 ಪರ್ಸೆಂಟ್ ಮಾರ್ಕು ಬೇಕು, ಇಲ್ಲದಿದ್ದರೆ ತಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ ಒಳಗೆ ಇರಬೇಕು. ಒಂದೇ ನಿಯಮದಲ್ಲಿ ಎರಡೂ ಉಂಟು ನೋಡಿ! ಮೊದಲನೆಯದಕ್ಕೆ ನೀವು ಎಷ್ಟು ತೆಗೆದಿರಿ ಅಂತ ನೋಡಿದರೆ ಸಾಕು. ಎರಡನೆಯದಕ್ಕೆ ಕೇರಳದ ಬೇರೆ ಮಕ್ಕಳು ಎಷ್ಟು ತೆಗೆದರು ಅಂತಲೂ ನೋಡಬೇಕು. ಎರಡರಲ್ಲಿ ಯಾವುದಾದರೂ ಒಂದು ಇದ್ದರೆ ಸಾಕಾಗುತ್ತದೆ. ಎಸ್‌ಸಿ, ಎಸ್‌ಟಿಯವರಿಗೆ 75ರ ಬದಲು 65.

ಮುಳ್ಳೇರಿಯ: ನಮ್ಮ ಮಗಳು ಗಡಿನಾಡು ಕನ್ನಡಿಗರ ಲೆಕ್ಕದಲ್ಲಿ ಕರ್ನಾಟಕ ಸಿಇಟಿ ಬರೆದು ಮಂಗಳೂರಿನಲ್ಲಿ ಸೀಟು ತಕ್ಕೊಂಡಳು. ಅಲ್ಲಿ ಪರ್ಸೆಂಟೈಲಿನ ತಲೆಬಿಸಿ ಇಲ್ಲ. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ಪ್ಲಸ್ ಟೂವಿನ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಮಾರ್ಕು. ನಿಮ್ಮವಳಿಗೆ ಬೋರ್ಡಿನಲ್ಲಿ ನಿಜವಾದ 90 ಪರ್ಸೆಂಟ್ ಬಂದರೆ ಅಲ್ಲಿ ಅದಕ್ಕೆ ಬೆಲೆ ಉಂಟು. ಕನ್ನಡ ಭಾಷಾ ಪರೀಕ್ಷೆ ಮತ್ತು ದಾಖಲೆಗಳ ಕೆಲಸ ಸ್ವಲ್ಪ ಜಾಸ್ತಿ, ಬೇಗ ಶುರು ಮಾಡಿ.

ಕೇಳಿದವರು (ಬದಿಯಡ್ಕ): ಎಲ್ಲರಿಗೂ ಉಪಕಾರ ಆಯಿತು. ಸಿಇಟಿ ಹಾಕಿಸುತ್ತೇನೆ. ಏಪ್ರಿಲ್‌ನಲ್ಲಿ ಪುನಃ ಜೆಇಇ ಬರೆಸುವುದಾ? ಕಡಿಮೆ ಬಂದರೆ ಇರುವುದೂ ಹೋಗುತ್ತದೆ ಅಂತ ಅವಳಿಗೆ ಹೆದರಿಕೆ.

ಕುಂಬಳೆ, ಟ್ಯೂಷನ್ ಮಾಸ್ಟ್ರು: ಹೋಗುವುದಿಲ್ಲ. ಎರಡರಲ್ಲಿ ಒಳ್ಳೆಯದನ್ನೇ ಹಿಡಿಯುತ್ತಾರೆ. ಏಪ್ರಿಲಿಗೆ ಅರ್ಜಿ ಮತ್ತು ಫೀಸು ಬೇರೆ, ತಾರೀಕು ನೋಡಿಕೊಳ್ಳಿ.

ಮಾಡಬೇಕಾದ ಕೆಲಸ ಆ 11 ತಪ್ಪಿನಲ್ಲಿ ಉಂಟು. ಅದರಲ್ಲಿ ಐದನ್ನು ಊಹೆಯಿಂದ ಬರೆದಿದ್ದರೆ, ಬಿಟ್ಟಿದ್ದರೂ 97 ಇದ್ದದ್ದು 102 ಆಗುತ್ತಿತ್ತು. ತಪ್ಪಾದ ಒಂದು ಲೆಕ್ಕ ಸರಿಯಾದರೆ ಒಂದೇ ಏಟಿಗೆ ಐದು ಮಾರ್ಕಿನ ವ್ಯತ್ಯಾಸ. ಒಂದು ಪರ್ಸೆಂಟೈಲ್ ಮೇಲೆ ಹೋಗುವುದು ಅಂದರೆ ಹದಿನಾಲ್ಕು ಸಾವಿರಕ್ಕೂ ಜಾಸ್ತಿ ಜನರನ್ನು ದಾಟುವುದು. ಆದರೆ ಅವಳು ಇರುವ ಜಾಗದಲ್ಲಿ ಅಷ್ಟು ಜನ ಕೆಲವೇ ಮಾರ್ಕಿನ ಒಳಗೆ ಒತ್ತಿಕೊಂಡು ನಿಂತಿರುತ್ತಾರೆ. 99ರ ಮೇಲೆ ಹಾಗಲ್ಲ, ಅಲ್ಲಿ ಅರ್ಧ ಪರ್ಸೆಂಟೈಲಿಗೂ ತುಂಬ ಮಾರ್ಕು ಬೇಕು.

ಅಕ್ಕಲಕೋಟೆಯಿಂದ: ಈಗ ಓದಿದೆ. ನನ್ನ ತಂಗಿಗೆ ಮಹಾರಾಷ್ಟ್ರದ ಎಂಎಚ್‌ಟಿ ಸಿಇಟಿಯಲ್ಲಿ 90 ಪರ್ಸೆಂಟೈಲ್ ಬಂದಿತ್ತು. ಜೆಇಇ ಬರೆದಿದ್ದರೂ 90 ಬರುತ್ತಿತ್ತು ಅಂತ ನಮ್ಮ ಕಾಕಾ ವಾದ ಮಾಡುತ್ತಾರೆ. ಅದು ಸರಿಯಾ?

ಕುಂಬಳೆ, ಟ್ಯೂಷನ್ ಮಾಸ್ಟ್ರು: ಹಾಗೆ ಹೇಳಲಿಕ್ಕಾಗುವುದಿಲ್ಲ. ಅಲ್ಲಿ ಬರೆಯುವ ಗುಂಪೇ ಬೇರೆ, ತಪ್ಪಿಗೆ ಮೈನಸ್ ಕೂಡ ಇಲ್ಲ. ಯಾರ ಜೊತೆ ಸಾಲಿನಲ್ಲಿ ನಿಂತಳು ಅಂತ ಹೇಳದೆ ಬರೀ 90 ಅಂದರೆ ಅರ್ಧ ಮಾತು ಆಗುತ್ತದೆ. ಜೆಇಇಯಲ್ಲಿ ಅವಳಿಗೆ ಎಷ್ಟು ಬರುತ್ತಿತ್ತು ಅಂತ ಅವಳು ಬರೆದಿದ್ದರೆ ಮಾತ್ರ ಗೊತ್ತಾಗುತ್ತಿತ್ತು.

ಅಕ್ಕಲಕೋಟೆಯಿಂದ: ಕಾಕಾನಿಗೆ ಇದನ್ನು ಓದಿಸಿದೆ. ಒಪ್ಪಲಿಲ್ಲ.